ಕಾರವಾರದ ಬೆವರಿನಲ್ಲಿ ಸನ್‌ಸ್ಕ್ರೀನ್ ನಿಲ್ಲಿಸುವುದು ಹೇಗೆ, ಆಮೇಲೆ ತೊಳೆಯುವುದು ಹೇಗೆ

ನನ್ನ ಭಾವ ದಿನಾ ಬೆಳಿಗ್ಗೆ ಕಾರವಾರದಿಂದ ಅಮದಳ್ಳಿ ತನಕ ಸೈಕಲ್ ಹೊಡೆಯುತ್ತಾರೆ. ಏಳಕ್ಕೆ ಹೊರಟರೆ ಬಿಣಗಾ ಏರು ಹತ್ತಿ, ಅಲ್ಲೊಂದು ಚಹಾ ಕುಡಿದು, ಮನೆಗೆ ಬರುವಾಗ ಒಂಬತ್ತು. ಹೋದ ವರ್ಷ ಏಪ್ರಿಲ್‌ನಲ್ಲಿ ಅವರ ಬಲಗಿವಿಯ ಮೇಲಂಚು ಸುಟ್ಟು ಸಿಪ್ಪೆ ಏಳಲು ಶುರುವಾಯಿತು. ಬಲಗಡೆ ಕುತ್ತಿಗೆ ಹಿಂಭಾಗ ಕಪ್ಪಾಗಿತ್ತು. ಎಡಗಿವಿ ಮಾತ್ರ ಚೆನ್ನಾಗೇ ಇತ್ತು.

"ನೀನು ಕೊಟ್ಟ ಕ್ರೀಮು ಹಚ್ಚಿಯೇ ಹೋಗ್ತೆ ಮಾರಾಯ್ತಿ, ಕಣ್ಣು ಉರಿಯೂದೊಂದೇ ಲಾಭ" ಅಂದರು.

ನಾನು ಹದಿನೈದು ವರ್ಷ ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ನಿಂತವಳು. ಈ ದೂರು ನನಗೆ ಹೊಸದಲ್ಲ. ಕ್ರೀಮು ತಪ್ಪಿರಬಹುದು ಎಂದು ಎಲ್ಲರೂ ಟ್ಯೂಬ್ ಬದಲಾಯಿಸುತ್ತಾರೆ. ನಿಜವಾಗಿ ತಪ್ಪುವುದು ಬೇರೆ ಕಡೆ. ಮನೆಯಿಂದ ಹೊರಡುವ ಮೊದಲಿನ ಇಪ್ಪತ್ತು ನಿಮಿಷದಲ್ಲಿ ಅರ್ಧ ಕೆಡುತ್ತದೆ, ಉಳಿದರ್ಧ ಟವೆಲ್ಲಿನಿಂದ ಕೆಡುತ್ತದೆ. ಭಾವನ ಒಂದು ಬೆಳಗನ್ನೇ ಹಿಡಿದು ಹೇಳುತ್ತೇನೆ. ಓಡುವವರು, ನಡೆಯುವವರು, ಬೀಚಿನಲ್ಲಿ ವಾಲಿಬಾಲ್ ಆಡುವವರು ತಮ್ಮ ಸಮಯಕ್ಕೆ ಹೊಂದಿಸಿಕೊಳ್ಳಿ.

ಮೊದಲು, ನಿಮಗೆ ಬೇಕಾ ಎಂದು ನೋಡಿ

ಬಲಗಿವಿಯೇ ಯಾಕೆ ಸುಟ್ಟಿತು? ಅಮದಳ್ಳಿ ಕಡೆ ಹೋಗುವಾಗ ಸೂರ್ಯ ಎಡಕ್ಕೆ, ಸ್ವಲ್ಪ ಮುಂದೆ ಇರುತ್ತಾನೆ. ಆಗ ಗಂಟೆ ಏಳೂವರೆ, ಬಿಸಿಲಿಗೆ ಶಕ್ತಿ ಇಲ್ಲ. ತಿರುಗಿ ಬರುವಾಗ ಅದೇ ಸೂರ್ಯ ಬಲಕ್ಕೆ, ಬೆನ್ನ ಹಿಂದೆ. ಆಗ ಗಂಟೆ ಎಂಟೂವರೆ ದಾಟಿರುತ್ತದೆ. ಚರ್ಮ ಸುಡುವ ನೇರಳಾತೀತ ಕಿರಣ ಸೂರ್ಯ ಮೇಲೆ ಏರಿದಂತೆ ಬಹಳ ಬೇಗ ಹೆಚ್ಚುತ್ತದೆ. ಏಳೂವರೆಯ ಬಿಸಿಲಿಗೂ ಒಂಬತ್ತರ ಬಿಸಿಲಿಗೂ ಅಜಗಜಾಂತರ.

ಇನ್ನೊಂದು ಸಂಗತಿ ಇದೆ. ನಮ್ಮ ಗಡಿಯಾರ ಪೂರ್ವದ ಕಡೆಯ ರೇಖೆಗೆ ಹೊಂದಿಸಿದ್ದು. ಹಾಗಾಗಿ ಕಾರವಾರದಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಅಂದರೆ ಬೆಳಿಗ್ಗೆ ಎಂಟೂವರೆಯ ಬಿಸಿಲೂ ಸಂಜೆ ನಾಲ್ಕೂವರೆಯ ಬಿಸಿಲೂ ಹೆಚ್ಚುಕಮ್ಮಿ ಒಂದೇ. ಬೇಸಿಗೆಯಲ್ಲಿ ಈ ಎರಡು ಗಂಟೆಗಳ ನಡುವೆ ಹೊರಗಿದ್ದರೆ ಸನ್‌ಸ್ಕ್ರೀನ್ ಬೇಕು. ಏಳೂವರೆಗೆ ಮನೆ ಸೇರುವವರು ಸುಮ್ನೆ ಹಚ್ಚಿಕೊಂಡು ಕಣ್ಣು ಉರಿಸಿಕೊಳ್ಳುವುದು ಬೇಡ. ಸಂಜೆ ಐದೂವರೆಯ ನಂತರ ಟಾಗೋರ್ ಬೀಚಿನಲ್ಲಿ ಓಡುವವರಿಗೆ ಸೂರ್ಯ ಸಮುದ್ರದ ಕಡೆಯಿಂದ ನೇರ ಮುಖಕ್ಕೇ ಬರುತ್ತಾನೆ, ಕಣ್ಣಿಗೆ ಚುಚ್ಚುತ್ತದೆ. ಆದರೆ ಚರ್ಮಕ್ಕೆ ಅಷ್ಟು ಹಾನಿ ಇಲ್ಲ. ಅವರಿಗೆ ಕ್ಯಾಪು ಸಾಕು.

ಗಡಿಯಾರ ನೋಡಲು ಬೇಸರವಾದರೆ ನಿಮ್ಮ ನೆರಳು ನೋಡಿ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದೆ ಎಂದರೆ ಬಿಸಿಲು ಜೋರಿದೆ. ಉದ್ದವಾಗಿದ್ದರೆ ಅಷ್ಟು ಜೋರಿಲ್ಲ. ಅದಕ್ಕಿಂತ ಸ್ವಲ್ಪ ಮೊದಲೇ ಎಚ್ಚರವಾಗುವುದು ಒಳ್ಳೆಯದು, ಅಷ್ಟೆ.

ಮುಖದ ಮೇಲೆ ಬಂಗು ಇರುವವರಿಗೆ ಈ ರಿಯಾಯಿತಿ ಇಲ್ಲ. ಬಂಗಿಗೆ ಕಣ್ಣಿಗೆ ಕಾಣುವ ಬೆಳಕೂ ಆಗುವುದಿಲ್ಲ. ಅವರು ಬೇಗ ಹೋದರೂ ಹಚ್ಚಬೇಕು, ಅದರಲ್ಲೂ ಚರ್ಮದ ಬಣ್ಣ ಸೇರಿಸಿದ ಟಿಂಟೆಡ್ ಸನ್‌ಸ್ಕ್ರೀನ್ ಹಚ್ಚಬೇಕು. ಅದರಲ್ಲಿರುವ ಐರನ್ ಆಕ್ಸೈಡ್ ಆ ಬೆಳಕನ್ನೂ ತಡೆಯುತ್ತದೆ.

ಹೊರಡುವ ಮೊದಲಿನ ಇಪ್ಪತ್ತು ನಿಮಿಷ

ಭಾವ ಮಾಡುತ್ತಿದ್ದದ್ದು ಹೀಗೆ. ಎದ್ದು ಸೋಪಿನಲ್ಲಿ ಮುಖ ತೊಳೆದು, ತಲೆಗೆ ತೆಂಗಿನೆಣ್ಣೆ ಹಾಕಿ ಬಾಚಿ, ಅಂಗೈಯಲ್ಲಿ ಉಳಿದ ಎಣ್ಣೆಯನ್ನು ಮುಖಕ್ಕೇ ಸವರಿ, ಚಪ್ಪಲಿ ಮೆಟ್ಟುತ್ತಾ ಮೇಲಿಂದ ಒಂದಿಷ್ಟು ಸನ್‌ಸ್ಕ್ರೀನ್ ಒರೆಸಿಕೊಂಡು ಹೊರಟುಬಿಡುವುದು. ನಮ್ಮ ಕಡೆ ಅರ್ಧ ಊರು ಹೀಗೇ ಹೊರಡುತ್ತದೆ.

ಸನ್‌ಸ್ಕ್ರೀನ್ ಅಂದರೆ ನೀರು ಎಣ್ಣೆ ಕಲಸಿದ ಲೇಪ. ಹಚ್ಚಿದ ಮೇಲೆ ಅದರ ನೀರು ಆರಿ, ಉಳಿದದ್ದು ಚರ್ಮದ ಮೇಲೆ ತೆಳುವಾದ ಪದರವಾಗಿ ಕೂರಬೇಕು. ಬಣ್ಣ ಹೊಡೆದ ಗೋಡೆ ಒಣಗಿದ ಹಾಗೆ. ಕೆಳಗೆ ಎಣ್ಣೆ ಇದ್ದರೆ ಅದು ಕೂರುವುದೇ ಇಲ್ಲ, ಜಾರುತ್ತದೆ. ಆರುವ ಮೊದಲೇ ಬೆವರು ಬಂದರೆ ಪದರ ಒಡೆಯುತ್ತದೆ. ಅಷ್ಟೇ ಅಲ್ಲ, ಬೆವರಿದಾಗ ತಲೆಯ ಎಣ್ಣೆ ಹಣೆಗೆ ಇಳಿಯುತ್ತದೆ, ಹಣೆಯ ಸನ್‌ಸ್ಕ್ರೀನನ್ನು ಕರಗಿಸಿಕೊಂಡು ಸೀದಾ ಕಣ್ಣಿಗೆ. ಭಾವನ ಕಣ್ಣು ಉರಿಯುತ್ತಿದ್ದದ್ದಕ್ಕೆ ಮುಖ್ಯ ಕಾರಣ ಇದು.

ಹಾಗಾದರೆ ಮಾಡಬೇಕಾದದ್ದು:

1. ಎದ್ದ ಮೇಲೆ ಮುಖಕ್ಕೆ ಬರೀ ತಣ್ಣೀರು. ಸೋಪು, ಫೇಸ್‌ವಾಶ್ ಏನೂ ಬೇಡ. ರಾತ್ರಿ ತೊಳೆದಿದ್ದೀರಿ, ಬಂದ ಮೇಲೆ ಮತ್ತೆ ತೊಳೆಯುತ್ತೀರಿ. ನಡುವೆ ಇನ್ನೊಂದು ಸಲ ಬೇಕಿಲ್ಲ.

2. ಒತ್ತಿ ಒರೆಸಿ, ಫ್ಯಾನ್ ಕೆಳಗೆ ಐದು ನಿಮಿಷ. ಚರ್ಮ ಪೂರ್ತಿ ಒಣಗಬೇಕು. ತಲೆಗೆ ಎಣ್ಣೆ ಈಗ ಬೇಡ, ಸ್ನಾನಕ್ಕೆ ಮೊದಲೋ ರಾತ್ರಿಯೋ ಇಟ್ಟುಕೊಳ್ಳಿ. ಕರಾವಳಿಯ ಸೆಕೆಯಲ್ಲಿ ಮಾಯಿಶ್ಚರೈಸರ್ ಕೂಡ ಈ ಹೊತ್ತಿಗೆ ಬೇಕಾಗುವುದಿಲ್ಲ. ಶಿರಸಿ, ಸಿದ್ದಾಪುರ ಕಡೆ ಡಿಸೆಂಬರ್‌ನ ಚಳಿಯಲ್ಲಿ ಮುಖ ಬಿರಿಯುವವರು ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಮುಂದಿನದ್ದು ಮಾಡಿ.

3. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿವರೆಗೆ ಸನ್‌ಸ್ಕ್ರೀನ್ ಗೆರೆ ಎಳೆಯಿರಿ. ಮುಖ ಮತ್ತು ಕುತ್ತಿಗೆ ಮುಂಭಾಗಕ್ಕೆ ಇಷ್ಟು. ಕಿವಿ ಮತ್ತು ಕುತ್ತಿಗೆ ಹಿಂಭಾಗಕ್ಕೆ ಇನ್ನೊಂದು ಬೆರಳು.

4. ಒಂದು ಬೆರಳಿನದ್ದನ್ನು ಮೊದಲು ಹಚ್ಚಿ, ಎರಡು ಮೂರು ನಿಮಿಷ ಬಿಟ್ಟು ಇನ್ನೊಂದು ಬೆರಳಿನದ್ದು. ಒಂದೇ ಸಲ ಬಳಿದರೆ ಬೆಳ್ಳಗೆ ಮೆತ್ತಿಕೊಂಡು ನಿಲ್ಲುತ್ತದೆ, ಆಗ ಎಲ್ಲರೂ ಮಾಡುವ ಕೆಲಸ ಒಂದೇ: ಉಜ್ಜಿ ಉಜ್ಜಿ ತೆಗೆಯುವುದು.

5. ಆಮೇಲೆ ಹದಿನೈದು ನಿಮಿಷ ಮುಟ್ಟಬೇಡಿ. ಭಾವ ಈ ಹೊತ್ತಿನಲ್ಲಿ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು. ಅದೂ ಬೇಡ ಅಂದೆ, ಗಾಳಿ ಹೊಡೆದರೇ ಬೆವರುತ್ತದೆ. ಈಗ ಕೂತು ಪೇಪರ್ ಓದುತ್ತಾರೆ.

ಎರಡು ಬೆರಳು ಜಾಸ್ತಿ ಅನಿಸುತ್ತದೆ, ಅಲ್ವಾ? ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆಯನ್ನು ಲ್ಯಾಬಿನಲ್ಲಿ ಅಳೆಯುವಾಗ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಕಡಲೆಕಾಳಿನಷ್ಟು ಹಚ್ಚಿದರೆ 50 ಎಂದು ಬರೆದದ್ದು ನಿಮ್ಮ ಮುಖದ ಮೇಲೆ 50 ಆಗಿರುವುದಿಲ್ಲ. ಟ್ಯೂಬೇ ಇದರ ಲೆಕ್ಕ ಹೇಳುತ್ತದೆ. ಎರಡು ಬೆರಳಿನ ಗೆರೆ ಸುಮಾರು ಒಂದು ಗ್ರಾಂ. ದಿನಕ್ಕೊಮ್ಮೆ ಮುಖಕ್ಕೆ ಮಾತ್ರ ಹಚ್ಚಿದರೂ 50 ಗ್ರಾಂ ಟ್ಯೂಬ್ ಹೆಚ್ಚೆಂದರೆ ಐವತ್ತು ದಿನ. "ನಮ್ಮದು ಆರು ತಿಂಗಳು ಬಂತು" ಎಂದು ಹೆಮ್ಮೆಯಿಂದ ಹೇಳುವ ಗಿರಾಕಿಗಳಿಗೆ ನಾನು ಕೌಂಟರಿನಲ್ಲೇ ಈ ಲೆಕ್ಕ ಮಾಡಿ ತೋರಿಸಿದ್ದೇನೆ.

ದುಬಾರಿಯಾಯಿತು ಎನ್ನುವವರು ಕೈಗೆ ಕ್ರೀಮು ಹಚ್ಚುವುದೇ ಬೇಡ. ಸೈಕಲ್ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ತೆಳ್ಳಗಿನ ತೋಳುಚೀಲ, ಅಂದರೆ ಆರ್ಮ್ ಸ್ಲೀವ್ ಸಿಗುತ್ತದೆ. ಬಟ್ಟೆ ಬೆವರಿಗೆ ಕರಗುವುದಿಲ್ಲ. ಸನ್‌ಸ್ಕ್ರೀನನ್ನು ಮುಖ, ಕಿವಿ, ಕುತ್ತಿಗೆಗೆ ಉಳಿಸಿ.

ಯಾವುದು ಕೊಳ್ಳುವುದು

ಎಸ್‌ಪಿಎಫ್ 50, ಪಿಎ+++ ಅಥವಾ ಅದಕ್ಕಿಂತ ಒಂದು ಪ್ಲಸ್ ಜಾಸ್ತಿ, ಜೊತೆಗೆ ವಾಟರ್ ರೆಸಿಸ್ಟೆಂಟ್ ಎಂಬ ಪದ. ಇಷ್ಟು ಇದ್ದರೆ ಸಾಕು, ಬೆಲೆ ನೋಡಿ ಆರಿಸಿ. ವಾಟರ್ ರೆಸಿಸ್ಟೆಂಟ್ ಎಂದರೆ ನೀರಿನಲ್ಲಿ ಇಂತಿಷ್ಟು ನಿಮಿಷ, ಸಾಮಾನ್ಯವಾಗಿ 40 ಅಥವಾ 80, ಮುಳುಗಿದ ಮೇಲೂ ಉಳಿಯುತ್ತದೆ ಎಂದು ಪರೀಕ್ಷೆ ಮಾಡಿದ್ದು. ಆದರೆ ಆ ಪರೀಕ್ಷೆಯಲ್ಲಿ ನೀರು ಹೊರಗಿನಿಂದ ತಾಗುತ್ತದೆ. ಬೆವರು ಪದರದ ಅಡಿಯಿಂದಲೇ ಉಕ್ಕಿ ಬರುತ್ತದೆ. ಆ ಪರೀಕ್ಷೆಯಲ್ಲಿ ಯಾರೂ ಟವೆಲ್ ತಗೊಂಡು ಉಜ್ಜುವುದೂ ಇಲ್ಲ. ಹಾಗಾಗಿ ಡಬ್ಬಿಯ ಮೇಲಿನ 80 ನಿಮಿಷವನ್ನು ಕಾರವಾರದ ಮೇ ತಿಂಗಳಲ್ಲಿ ಪೂರ್ತಿ ನಂಬಬೇಡಿ.

ನಿಮ್ಮದು ನಿಲ್ಲುತ್ತಿದೆಯೋ ಇಲ್ಲವೋ ತಿಳಿಯಲು ಅರ್ಧ ಗಂಟೆ ಬೆವರಿದ ಮೇಲೆ ಗಲ್ಲದ ತುದಿಯಿಂದ ಬೀಳುವ ಹನಿ ನೋಡಿ. ನೀರಿನಷ್ಟು ತಿಳಿಯಾಗಿದ್ದರೆ ಸರಿ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ಸನ್‌ಸ್ಕ್ರೀನ್ ಬೆವರಿನಲ್ಲಿ ಕಲಸಿ ಹರಿದುಹೋಗುತ್ತಿದೆ. ಒಂದೋ ಅದು ಆರುವ ಮೊದಲೇ ಹೊರಟಿದ್ದೀರಿ, ಇಲ್ಲವೋ ಅದು ಬೆವರಿಗೆ ತಕ್ಕದ್ದಲ್ಲ. ಮರುದಿನ ಪೂರ್ತಿ ಹದಿನೈದು ನಿಮಿಷ ಬಿಟ್ಟು ನೋಡಿ. ಆಗಲೂ ಹನಿ ಬೆಳ್ಳಗಿದ್ದರೆ ಟ್ಯೂಬ್ ಬದಲಿಸಿ.

ಕಣ್ಣು ಉರಿಯುವುದಕ್ಕೆ ಬೇರೆ ಉಪಾಯ ಇದೆ. ಎಣ್ಣೆ ಬಿಟ್ಟ ಮೇಲೂ ಉರಿದರೆ ಹುಬ್ಬಿನ ಮೇಲೆ ಮತ್ತು ಕಣ್ಣಿನ ಸುತ್ತ ಮಾತ್ರ ಜಿಂಕ್ ಆಕ್ಸೈಡ್ ಇರುವ ಸ್ಟಿಕ್ ಬಳಸಿ. ಸ್ಟಿಕ್ ಮೇಣದ ಹಾಗಿರುತ್ತದೆ, ಬೇಗ ಹರಿಯುವುದಿಲ್ಲ. ಹರಿದರೂ ಜಿಂಕ್ ಅಷ್ಟು ಉರಿಸುವುದಿಲ್ಲ. ರೆಪ್ಪೆಗೆ ಏನೂ ಹಚ್ಚಬೇಡಿ, ಅದಕ್ಕೆ ಕನ್ನಡಕ ಇದೆ. ಹೆಲ್ಮೆಟ್ ಒಳಗೆ ಹಣೆಗೆ ಒಂದು ಹತ್ತಿಯ ಪಟ್ಟಿ ಕಟ್ಟಿದರೆ ಬೆವರು ಅಲ್ಲೇ ಹೀರಿಹೋಗುತ್ತದೆ.

ದಾರಿಯಲ್ಲಿ

ಬೆವರನ್ನು ಒರೆಸಬೇಡಿ, ಒತ್ತಿ. ಹಳೆಯ ಪಂಚೆಯ ತುಂಡು ಇದಕ್ಕೆ ಬಹಳ ಚೆನ್ನ. ಮುಖದ ಮೇಲೆ ಇಟ್ಟು ಒತ್ತಿದರೆ ಬೆವರು ಹೀರಿಕೊಳ್ಳುತ್ತದೆ, ಪದರ ಉಳಿಯುತ್ತದೆ. ಟರ್ಕಿ ಟವೆಲ್ಲಿನಿಂದ ಒಮ್ಮೆ ಜೋರಾಗಿ ಉಜ್ಜಿದರೆ ಎರಡು ಬೆರಳಿನದ್ದೆಲ್ಲ ಟವೆಲ್ಲಿಗೆ ಹೋಯಿತು. ಅಂಗಿಯ ತೋಳಿನಲ್ಲಿ ಹಣೆ ಒರೆಸುವ ಅಭ್ಯಾಸ ಇನ್ನೂ ಕೆಟ್ಟದ್ದು. ನಮಗೇ ಗೊತ್ತಾಗದ ಹಾಗೆ ಹತ್ತು ಸಲ ಒರೆಸಿರುತ್ತೇವೆ.

ಒಂದು ಗಂಟೆ ಒಳಗೆ ಮುಗಿಸುವವರಿಗೆ ಮತ್ತೆ ಹಚ್ಚುವ ಕೆಲಸ ಇಲ್ಲ. ಭಾವನ ಹಾಗೆ ಎರಡು ಗಂಟೆ ಹೋಗುವವರು ನಡುವೆ ಒಮ್ಮೆ ಹಚ್ಚಬೇಕು. ಅದಕ್ಕೆ ಒಳ್ಳೆಯ ಜಾಗ ತಿರುಗುವ ಕಡೆಯ ಚಹಾ ಅಂಗಡಿ, ಯಾಕೆಂದರೆ ಜೋರು ಬಿಸಿಲು ಬರುವುದು ವಾಪಸ್ ದಾರಿಯಲ್ಲಿ. ಮೊದಲು ನೆರಳಲ್ಲಿ ಕೂತು ಐದು ನಿಮಿಷ ತಣಿಯಿರಿ. ಬಾಟಲಿ ನೀರಿನಲ್ಲಿ ಕೈ ತೊಳೆದು, ಮುಖದ ಬೆವರನ್ನು ಪಂಚೆಯಿಂದ ಒತ್ತಿ ತೆಗೆದು, ಸ್ಟಿಕ್ಕನ್ನು ಒಂದೊಂದು ಜಾಗಕ್ಕೂ ಮೂರು ನಾಲ್ಕು ಸಲ ಹಿಂದೆ ಮುಂದೆ ಎಳೆಯಿರಿ. ಮೂಗು, ಕೆನ್ನೆಯ ಮೂಳೆ, ಕಿವಿಯ ಮೇಲಂಚು, ಕುತ್ತಿಗೆ ಹಿಂಭಾಗ. ಆಮೇಲೆ ಚಹಾ ಕುಡಿಯಿರಿ. ಚಹಾ ಮೊದಲು ಕುಡಿದರೆ ಮತ್ತೆ ಬೆವರು ಬಂದು ಮೊದಲಿನ ಕಥೆಯೇ.

ಬೀಚಿನಲ್ಲಿ ಓಡುವವರಿಗೆ ಒಂದು ಮಾತು. ಒಣ ಮರಳು ಬಿಸಿಲನ್ನು ಸ್ವಲ್ಪ ಮೇಲಕ್ಕೆ ಎಸೆಯುತ್ತದೆ, ಅಲೆಯ ನೊರೆ ಇನ್ನೂ ಜಾಸ್ತಿ. ಕ್ಯಾಪು ಹಾಕಿದರೂ ಗಲ್ಲದ ಕೆಳಗೆ ಕಪ್ಪಾಗುವುದು ಹೀಗೆ. ಅಲ್ಲಿಗೂ ಬೆರಳು ಹೋಗಲಿ.

ಮನೆಗೆ ಬಂದ ಮೇಲೆ ತೊಳೆಯುವುದು

ಇಲ್ಲಿ ಒಂದು ಪೇಚು ಇದೆ. ಬೆವರಿಗೆ ಜಗ್ಗದ ಸನ್‌ಸ್ಕ್ರೀನ್ ಬರೀ ನೀರಿಗೂ ಜಗ್ಗುವುದಿಲ್ಲ. ಹಾಗೆಂದು ಜೋರಾಗಿ ತಿಕ್ಕಿದರೆ ಚರ್ಮವೇ ಹೋಗುತ್ತದೆ. ಬಂದ ಕೂಡಲೇ ಬಚ್ಚಲಿಗೆ ನುಗ್ಗಿ, ಹಂಡೆಯ ಬಿಸಿನೀರು ಸುರಿದು, ಮೈಸೋಪಿನಿಂದಲೇ ಮುಖವನ್ನೂ ತಿಕ್ಕುವುದು ನಮ್ಮ ಮನೆಗಳ ಪದ್ಧತಿ. ಮೈಗೆ ಹಿತ, ಮುಖಕ್ಕೆ ಕಷ್ಟ.

ಬೆವರು ಕೊಳೆಯಲ್ಲ. ಉಪ್ಪು ನೀರು, ಸ್ವಲ್ಪ ಹುಳಿ. ನಮ್ಮ ಚರ್ಮವೂ ಸ್ವಲ್ಪ ಹುಳಿಯೇ, ಪಿಎಚ್ 5ರ ಆಸುಪಾಸು. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10. ಒಮ್ಮೆ ತಿಕ್ಕಿದರೆ ಚರ್ಮ ತನ್ನ ಹುಳಿಗೆ ಮರಳಲು ಗಂಟೆಗಳೇ ಬೇಕು. ದಿನಾ ಎರಡು ಮೂರು ಸಲ ಹೀಗಾದರೆ ಚರ್ಮದ ಮೇಲಿನ ಕಾವಲು ಪದರ ಸವೆಯುತ್ತದೆ. ಆಮೇಲೆ ಬೆವರಿನ ಉಪ್ಪು ತಾಗಿದರೂ ಉರಿ, ಸನ್‌ಸ್ಕ್ರೀನ್ ಹಚ್ಚಿದರೂ ಉರಿ. "ನಂಗೆ ಯಾವ ಕ್ರೀಮೂ ಆಗೂದಿಲ್ಲ" ಎನ್ನುವವರಲ್ಲಿ ಎಷ್ಟೋ ಜನರ ತೊಂದರೆ ಕ್ರೀಮಿನದ್ದಲ್ಲ, ಸೋಪಿನದ್ದು.

ಮೊದಲು ಹತ್ತು ಹದಿನೈದು ನಿಮಿಷ ಫ್ಯಾನ್ ಕೆಳಗೆ ಕೂರಿ. ಸೈಕಲ್ ನಿಂತರೂ ಮೈ ಬೆವರುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ತೊಳೆದು ಏನು ಹಚ್ಚಿದರೂ ನಿಲ್ಲುವುದಿಲ್ಲ. ಒದ್ದೆ ಅಂಗಿ ಮಾತ್ರ ಕೂಡಲೇ ಬಿಚ್ಚಿ.

ಆಮೇಲೆ ಕೈ ತೊಳೆದು, ಮುಖಕ್ಕೆ ತಣ್ಣೀರು ಎರಚಿ ಉಪ್ಪನ್ನು ಹೋಗಿಸಿ. ಸೋಪ್-ಫ್ರೀ ಎಂದು ಬರೆದಿರುವ, ಜಾಸ್ತಿ ನೊರೆ ಬಾರದ ಫೇಸ್‌ವಾಶ್ ಅಥವಾ ಸಿಂಡೆಟ್ ಬಾರ್, ಅಂದರೆ ಸೋಪಿನ ಹಾಗೇ ಕಾಣುವ ಆದರೆ ಸೋಪಲ್ಲದ ಬಾರ್, ತಗೊಳ್ಳಿ. ಬೆರಳ ತುದಿಯಿಂದ ಮೆಲ್ಲಗೆ ಸುತ್ತಿಸುತ್ತಾ ಅರ್ಧ ನಿಮಿಷದಿಂದ ಒಂದು ನಿಮಿಷ. ಕೂದಲ ಅಂಚು, ಮೂಗಿನ ಪಕ್ಕ, ಕಿವಿಯ ಹಿಂದೆ, ಗಲ್ಲದ ಕೆಳಗೆ ಸನ್‌ಸ್ಕ್ರೀನ್ ಉಳಿದುಕೊಳ್ಳುತ್ತದೆ, ಅಲ್ಲಿಗೆಲ್ಲ ಬೆರಳು ಹೋಗಬೇಕು. ತೊಳೆದ ಮೇಲೆ ಕನ್ನಡಿ ಮುಂದೆ ನಿಂತು ಹಣೆಗೆ ಸ್ವಲ್ಪ ನೀರು ಹಾಕಿ. ಕೆಸುವಿನೆಲೆಯ ಮೇಲಿನ ಹಾಗೆ ನೀರು ಹನಿಹನಿಯಾಗಿ ಜಾರಿದರೆ ಪದರ ಇನ್ನೂ ಇದೆ. ಆ ಜಾಗಕ್ಕೆ ಮಾತ್ರ ಇನ್ನೊಂದು ಸಲ. ನೀರು ತೆಳ್ಳಗೆ ಹರಡಿಕೊಂಡರೆ ಮುಗಿಯಿತು, ಮತ್ತೆ ಮುಟ್ಟಬೇಡಿ.

ಹತ್ತು ನಿಮಿಷದ ನಂತರ ಕೆನ್ನೆ ಬಿಗಿದು, ನಕ್ಕರೆ ಎಳೆದ ಹಾಗೆ ಆಗುತ್ತದೆಯಾ? ಅದನ್ನು ಬಹಳ ಜನ ಸ್ವಚ್ಛವಾಗಿದ್ದಕ್ಕೆ ಗುರುತು ಅಂದುಕೊಂಡಿದ್ದಾರೆ. ಫೇಸ್‌ವಾಶ್ ಜೋರಾಯಿತು ಎನ್ನುವುದಕ್ಕೆ ಗುರುತು ಅದು.

ಕಡಲೆಹಿಟ್ಟು, ಹೆಸರುಹಿಟ್ಟು ಆಗಬಹುದಾ ಎಂದು ಅಮ್ಮಂದಿರು ಕೇಳುತ್ತಾರೆ. ವಾರಕ್ಕೊಮ್ಮೆ ಎಣ್ಣೆಸ್ನಾನಕ್ಕೆ ಧಾರಾಳವಾಗಿ ಬಳಸಿ. ದಿನಾ ಬಿಸಿಲಲ್ಲಿ ಕೆಂಪಾಗಿ ಬಂದ ಮುಖಕ್ಕೆ ಮಾತ್ರ ಆ ಹಿಟ್ಟಿನ ತರಿ ಬೇಡ. ಅಂಟುವಾಳವಂತೂ ಮುಖಕ್ಕೆ ಬೇಡವೇ ಬೇಡ, ಕಣ್ಣಿಗೆ ಹೋದರೆ ಆ ದಿನ ಮುಗಿಯಿತು.

ಮೈಗೆ ಸೋಪು ಬೇಕಾದದ್ದು ಕಂಕುಳು, ತೊಡೆಸಂದಿ, ಪಾದಕ್ಕೆ. ಉಳಿದ ಕಡೆ ನೀರು ಸುರಿದರೆ ಸಾಕು. ಬೆನ್ನಿಗೆ ಸನ್‌ಸ್ಕ್ರೀನ್ ಹಚ್ಚಿದ್ದರೆ ಮುಖದ ಬಾರನ್ನೇ ಒಮ್ಮೆ ಆಡಿಸಿ.

ಮುಖ ಒತ್ತಿ ಒರೆಸಿ, ಇನ್ನೂ ಸ್ವಲ್ಪ ತೇವ ಇರುವಾಗಲೇ ಜೆಲ್ ಥರದ ಮಾಯಿಶ್ಚರೈಸರ್ ತೆಳ್ಳಗೆ ಹಚ್ಚಿ. ಹತ್ತಕ್ಕೆ ಸ್ಕೂಟರಿನಲ್ಲಿ ಆಫೀಸಿಗೆ ಹೋಗುವವರಿಗೆ ಬೆಳಗಿನ ಸನ್‌ಸ್ಕ್ರೀನ್ ಈಗ ಉಳಿದಿಲ್ಲ, ತೊಳೆದಾಗಿದೆ. ಹೊಸದಾಗಿ ಎರಡು ಬೆರಳು. ಮುರುಗಲ ತುಪ್ಪ ಇದ್ದರೆ ಬಿರಿದ ಹಿಮ್ಮಡಿಗೂ ತುಟಿಗೂ ರಾತ್ರಿ ಹಚ್ಚಿ, ಅಷ್ಟು ಒಳ್ಳೆಯದು ಇನ್ನೊಂದಿಲ್ಲ. ಸನ್‌ಸ್ಕ್ರೀನ್ ಅಡಿಗೆ ಮಾತ್ರ ಅದು ಬೇಡ.

ಗುಳ್ಳೆ ಬಂದರೆ

ಸನ್‌ಸ್ಕ್ರೀನ್ ಶುರು ಮಾಡಿದ ಮೇಲೆ ಗುಳ್ಳೆ ಬಂತು ಎಂದು ಬಿಟ್ಟುಬಿಡುವ ಮೊದಲು ಗುಳ್ಳೆಯನ್ನು ಸರಿಯಾಗಿ ನೋಡಿ. ದೊಡ್ಡದು ಸಣ್ಣದು ಬೆರೆತು, ನಡುವೆ ಕಪ್ಪು ತಲೆ ಇದ್ದರೆ ಮೊಡವೆ. ಜಿಡ್ಡು ಕಡಿಮೆ ಇರುವ ಜೆಲ್ ಸನ್‌ಸ್ಕ್ರೀನಿಗೆ ಬದಲಾಯಿಸಿ ನೋಡಬಹುದು. ಹಣೆ, ಎದೆ, ಬೆನ್ನ ಮೇಲೆ ಎಲ್ಲ ಒಂದೇ ಅಳತೆಯ ಸಣ್ಣ ಗುಳ್ಳೆ, ಜೊತೆಗೆ ತುರಿಕೆ ಇದ್ದರೆ ಅದು ಬೆವರಿನಲ್ಲಿ ಬೆಳೆಯುವ ಶಿಲೀಂಧ್ರ ಇರಬಹುದು. ಚಿಬ್ಬು ತರುವುದೂ ಇದೇ ಜಾತಿ. ಮೊಡವೆ ಕ್ರೀಮಿಗೆ ಅದು ಬಗ್ಗುವುದಿಲ್ಲ, ಚರ್ಮದ ಡಾಕ್ಟರಿಗೆ ತೋರಿಸಬೇಕು.

ಕೌಂಟರಿನಲ್ಲಿ ನಿಂತವಳಾಗಿಯೇ ಇದನ್ನು ಹೇಳುತ್ತೇನೆ: ಮೆಡಿಕಲ್‌ನಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎಂದು ಕೇಳಬೇಡಿ. ಮೂರು ನಾಲ್ಕು ಔಷಧ ಬೆರೆಸಿದ ಟ್ಯೂಬುಗಳಲ್ಲಿ ಹಲವು ಕಡೆ ಜೋರಾದ ಸ್ಟಿರಾಯ್ಡ್ ಇರುತ್ತದೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಒಳಗೆ ಶಿಲೀಂಧ್ರ ಹರಡುತ್ತಲೇ ಹೋಗುತ್ತದೆ. ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ ಬಿಸಿಲು ತಾಗಿದರೇ ಕೆಂಪಾಗುವ ಸ್ಥಿತಿಗೆ ಬರುತ್ತದೆ.

ಇನ್ನು ಟ್ಯೂಬನ್ನು ಸ್ಕೂಟರ್ ಡಿಕ್ಕಿಯಲ್ಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಬಿಸಿಗೆ ನೀರೇ ಬೇರೆ, ಎಣ್ಣೆಯೇ ಬೇರೆ ಆಗುತ್ತದೆ. ಒತ್ತಿದಾಗ ಮೊದಲು ನೀರು ಚಿಮ್ಮಿದರೆ ಎಸೆಯಿರಿ.

ಭಾವ ಈಗ ಟ್ಯೂಬ್ ಒಡೆದ ದಿನ ಅದರ ಬೆನ್ನ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯುತ್ತಾರೆ. ಹೋದ ಸಲದ್ದು ಮಾರ್ಚ್ 2ಕ್ಕೆ ಒಡೆದದ್ದು, ಏಪ್ರಿಲ್ 4ಕ್ಕೆ ಕತ್ತರಿಯಿಂದ ಕತ್ತರಿಸಿ ಒಳಗಿನದ್ದನ್ನು ಕೆರೆದು ಹಚ್ಚುತ್ತಿದ್ದರು. ಬಲಗಿವಿ ಈ ಬೇಸಿಗೆ ಎಡಗಿವಿಯ ಹಾಗೇ ಇದೆ.